ಅರ್ಧ ಪೈಸೆ ಯಾವ ಕಡೆಗೆ ಹೋಗಬೇಕು?

ಪ್ರಶ್ನೆ: ಸರ್, ನಮ್ಮೂರ ಹಾಲಿನ ಡೇರಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಸುಮಾರು 300 ಜನ ಎರಡು ಹೊತ್ತೂ ಹಾಲು ಹಾಕುತ್ತಾರೆ, ಹದಿನೈದು ದಿನಕ್ಕೊಮ್ಮೆ ಬಟವಾಡೆ. ಇಷ್ಟು ವರ್ಷ ಎಕ್ಸೆಲ್‌ನಲ್ಲಿ `ROUND` ಹಾಕಿ ಮಾಡುತ್ತಿದ್ದೆ. ಈಗ ಹೊಸ ಸಾಫ್ಟ್‌ವೇರ್ ಬಂದಿದೆ. ಅದೇ ಲೀಟರ್, ಅದೇ ದರ, ಆದರೂ 9,000 ಸಾಲಿನ ಒಟ್ಟು 11 ರೂಪಾಯಿ 38 ಪೈಸೆ ಕಡಿಮೆ ಬರುತ್ತಿದೆ. 144.525 ಇದ್ದರೆ ನನ್ನದು 144.53, ಅದರದ್ದು 144.52. ಆದರೆ 151.575 ಇದ್ದರೆ ಇಬ್ಬರದ್ದೂ 151.58! ಒಬ್ಬರಿಗೆ ಮೇಲೆ, ಒಬ್ಬರಿಗೆ ಕೆಳಗೆ ಹೇಗೆ? ರೈತರ ಪೈಸೆ ತಿನ್ನುತ್ತಿದೆ ಅಂತ ಸದಸ್ಯರು ಗಲಾಟೆ ಮಾಡುತ್ತಿದ್ದಾರೆ. ನಮ್ಮ ದರ ಪಟ್ಟಿ 5 ಪೈಸೆ ಲೆಕ್ಕದಲ್ಲಿ ಏರುತ್ತದೆ, ಲೀಟರ್ ಒಂದು ಪಾಯಿಂಟ್‌ವರೆಗೆ ಅಳೆಯುತ್ತೇವೆ. ತಪ್ಪು ಯಾರದ್ದು?

ಉತ್ತರ: ಗುಣಾಕಾರದಲ್ಲಿ ಯಾರದ್ದೂ ತಪ್ಪಿಲ್ಲ. ಆದರೆ ನಿಜವಾದ ಒಟ್ಟಿಗೆ ಹತ್ತಿರ ಇರುವುದು ಸಾಫ್ಟ್‌ವೇರ್, ನಿಮ್ಮ ಎಕ್ಸೆಲ್ ಅಲ್ಲ. ಇಷ್ಟು ವರ್ಷ ನಿಮ್ಮ ಹಾಳೆ ಪ್ರತಿ ಬಟವಾಡೆಯಲ್ಲೂ ಸುಮಾರು ಹನ್ನೊಂದು ರೂಪಾಯಿ ಜಾಸ್ತಿ ಕೊಡುತ್ತಾ ಬಂದಿದೆ. ಯಾರೂ ಕೇಳಲಿಲ್ಲ, ಯಾಕೆಂದರೆ ಜಾಸ್ತಿ ಬಂದಾಗ ಯಾರೂ ಕೇಳುವುದಿಲ್ಲ.

ನೀವೇ ಕೊಟ್ಟ ಎರಡು ಸಾಲಿನಲ್ಲೇ ಗುಟ್ಟು ಇದೆ. ಎರಡೂ 35.25 ದರದ್ದು, ಅಲ್ವಾ? 4.1 ಲೀಟರ್‌ಗೆ 144.525, 4.3 ಲೀಟರ್‌ಗೆ 151.575. ಅದೇ ದರದಲ್ಲಿ ಇನ್ನೆರಡು ಚೀಟಿ ಸೇರಿಸಿ ನಾಲ್ಕನ್ನೂ ಒಂದರ ಕೆಳಗೊಂದು ಬರೆಯೋಣ. ಎಡಗಡೆ ನಿಜವಾದ ಮೊತ್ತ, ಮಧ್ಯೆ ನಿಮ್ಮ ಎಕ್ಸೆಲ್, ಬಲಗಡೆ ಸಾಫ್ಟ್‌ವೇರ್.

```
ಲೀಟರ್    ನಿಜ        ಎಕ್ಸೆಲ್     ಸಾಫ್ಟ್‌ವೇರ್
4.1     144.525   144.53    144.52
4.3     151.575   151.58    151.58
4.5     158.625   158.63    158.62
4.7     165.675   165.68    165.68
ಒಟ್ಟು   620.400   620.42    620.40
```

ನಾಲ್ವರ ಹಾಲು ಸೇರಿ 17.6 ಲೀಟರ್. ಅದನ್ನು 35.25ರಿಂದ ಗುಣಿಸಿದರೆ 620 ರೂಪಾಯಿ 40 ಪೈಸೆ, ಒಂದು ಚೂರೂ ಆಚೀಚೆ ಇಲ್ಲ. ಸಾಫ್ಟ್‌ವೇರ್ ಅಷ್ಟೇ ಕೊಟ್ಟಿದೆ. ಎಕ್ಸೆಲ್ ಎರಡು ಪೈಸೆ ಜಾಸ್ತಿ ಕೊಟ್ಟಿದೆ. ನಾಲ್ಕು ಚೀಟಿಗೆ ಎರಡು ಪೈಸೆ. ಇದನ್ನು ಕ್ಯಾಲ್ಕುಲೇಟರ್ ಹಿಡಿದು ಒಮ್ಮೆ ನೀವೇ ಮಾಡಿ ನೋಡಿ, ಸದಸ್ಯರಿಗೂ ಇದೇ ನಾಲ್ಕು ಸಾಲು ತೋರಿಸಿ. ನಾನು ಸಹಕಾರ ಸಂಘಗಳ ಲೆಕ್ಕದ ಕೆಲಸಕ್ಕೆ ಹೋದ ಕಡೆಯಲ್ಲೆಲ್ಲ ಮಾತಿನಲ್ಲಿ ಎಷ್ಟು ಹೇಳಿದರೂ ಒಪ್ಪದವರು ಇಂಥ ನಾಲ್ಕು ಸಾಲು ಕಣ್ಣಮುಂದೆ ಇಟ್ಟಾಗ ಒಪ್ಪಿದ್ದಾರೆ.

ಎಕ್ಸೆಲ್‌ನ `ROUND` ನಾವು ಶಾಲೆಯಲ್ಲಿ ಕಲಿತ ನಿಯಮದಂತೆ ನಡೆಯುತ್ತದೆ. ಐದು ಅಥವಾ ಅದಕ್ಕಿಂತ ಮೇಲಿದ್ದರೆ ಮುಂದಿನ ಪೈಸೆಗೆ ಏರಿಸು, ಅಷ್ಟೇ. ನಿಮ್ಮ ಸಾಫ್ಟ್‌ವೇರ್‌ನ ನಿಯಮ ಬೇರೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಇಳಿಸು, ಜಾಸ್ತಿ ಇದ್ದರೆ ಏರಿಸು, ಇದರಲ್ಲಿ ಇಬ್ಬರಿಗೂ ಜಗಳ ಇಲ್ಲ. ಸರಿಯಾಗಿ ಅರ್ಧದಲ್ಲಿ ಬಂದು ನಿಂತರೆ ಮಾತ್ರ, ಅಕ್ಕಪಕ್ಕದ ಎರಡು ಪೈಸೆಯಲ್ಲಿ ಸಮಸಂಖ್ಯೆ ಯಾವುದೋ ಅದಕ್ಕೆ ಹೋಗು ಅನ್ನುತ್ತದೆ. 144.525ರ ಅಕ್ಕಪಕ್ಕ 52 ಮತ್ತು 53. ಸಮ 52, ಹಾಗಾಗಿ ಕೆಳಗೆ. 151.575ರ ಅಕ್ಕಪಕ್ಕ 57 ಮತ್ತು 58. ಸಮ 58, ಹಾಗಾಗಿ ಮೇಲೆ. ಮುಖ ನೋಡಿ ಮಣೆ ಹಾಕಿದ್ದಲ್ಲ, ಅಂಕಿ ನೋಡಿ ಹಾಕಿದ್ದು.

ಈಗ ಮುಖ್ಯ ಪ್ರಶ್ನೆ. ಶಾಲೆಯ ನಿಯಮದಲ್ಲಿ ತಪ್ಪೇನಿದೆ? ಕೊನೆಯ ಅಂಕಿ 0ರಿಂದ 4 ಆದರೆ ಇಳಿಕೆ, 5ರಿಂದ 9 ಆದರೆ ಏರಿಕೆ, ಐದಕ್ಕೆ ಐದು ಸಮ ಆಯ್ತಲ್ಲ ಅಂತ ತುಂಬಾ ಜನ ಹೇಳುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ, ಆದರೆ ಸೊನ್ನೆಯನ್ನು ಇಳಿಕೆ ಅಂತ ಎಣಿಸಿದ್ದೇ ತಪ್ಪು. ಸೊನ್ನೆ ಇದ್ದರೆ ಯಾರಿಗೂ ಏನೂ ಹೋಗುವುದಿಲ್ಲ, ಬರುವುದಿಲ್ಲ. ನಿಜವಾಗಿ ಹೋಗಿ ಬರುವುದು 1ರಿಂದ 9ರವರೆಗೆ. 1ರಲ್ಲಿ ಹೋದದ್ದು 9ರಲ್ಲಿ ಬರುತ್ತದೆ, 2ರದ್ದು 8ರಲ್ಲಿ, 3ರದ್ದು 7ರಲ್ಲಿ, 4ರದ್ದು 6ರಲ್ಲಿ. ಜೋಡಿ ಜೋಡಿಯಾಗಿ ತೀರಿಹೋಗುತ್ತವೆ. 5ಕ್ಕೆ ಮಾತ್ರ ಜೋಡಿ ಇಲ್ಲ. ಅದು ಪ್ರತಿ ಸಲವೂ ಮೇಲೆ ಹೋದರೆ ಪ್ರತಿ ಸಲವೂ ಅರ್ಧ ಪೈಸೆ ಒಂದೇ ಕಡೆಗೆ ಸೇರುತ್ತಾ ಹೋಗುತ್ತದೆ, ಅದನ್ನು ತೀರಿಸಲು ಇನ್ನೊಂದು ಕಡೆಯಿಂದ ಯಾರೂ ಬರುವುದಿಲ್ಲ. ಸಮಸಂಖ್ಯೆಯ ನಿಯಮ ಮಾಡುವುದು ಇಷ್ಟೇ: ಆ ಒಂಟಿ 5ಕ್ಕೂ ಒಂದು ಜೋಡಿ ಹುಡುಕಿಕೊಡುತ್ತದೆ. ಹಿಂದಿನ ಅಂಕಿ ಸಮವಾಗಿರುವ 5ನ್ನು ಇಳಿಸಿ, ಬೆಸವಾಗಿರುವ 5ನ್ನು ಏರಿಸಿ, ಒಂದಕ್ಕೊಂದು ತೀರಿಸುತ್ತದೆ.

ಕೊನೆಯ ಅಂಕಿ 0ರಿಂದ 9ರವರೆಗೆ ಎಲ್ಲವೂ ಸಮನಾಗಿ ಬಂದರೆ ಹತ್ತರಲ್ಲಿ ಒಂದು ಸಾಲು ಮಾತ್ರ ಸರಿಯಾಗಿ ಅರ್ಧಕ್ಕೆ ನಿಲ್ಲುತ್ತದೆ. ಆಗ 9,000 ಸಾಲಿನಲ್ಲಿ 900, ಒಂದೊಂದಕ್ಕೆ ಅರ್ಧ ಪೈಸೆ, ಒಟ್ಟು ನಾಲ್ಕೂವರೆ ರೂಪಾಯಿ ಜಾಸ್ತಿ. ಆದರೆ ಡೇರಿಯ ಲೆಕ್ಕ ಹಾಗಿಲ್ಲ, ಇಲ್ಲೇ ನಿಮ್ಮ ಪ್ರಶ್ನೆಯ ಕೊನೆಯ ಸಾಲು ಕೆಲಸಕ್ಕೆ ಬರುತ್ತದೆ.

ನಿಮ್ಮ ದರ 5 ಪೈಸೆಯ ಮೆಟ್ಟಿಲಲ್ಲಿ ಏರುತ್ತದೆ ಅಂದಿರಿ. ಅಂದರೆ ದರದ ಕೊನೆ ಅಂಕಿ 0 ಅಥವಾ 5 ಮಾತ್ರ. ಅದನ್ನು ಒಂದು ಪಾಯಿಂಟ್ ಇರುವ ಲೀಟರ್‌ನಿಂದ ಗುಣಿಸಿದರೆ ಮೂರನೇ ಅಂಕಿ ಕೂಡ 0 ಅಥವಾ 5 ಮಾತ್ರ. 1, 2, 3, 4 ಬರುವುದೇ ಇಲ್ಲ. ದರ 5ರಲ್ಲಿ ಮುಗಿದು, ಲೀಟರ್‌ನ ಪಾಯಿಂಟ್ ಬೆಸ ಆಗಿದ್ದಾಗ ಸರಿಯಾಗಿ ಅರ್ಧ. ಉಳಿದ ಎಲ್ಲ ಸಾಲಿನಲ್ಲಿ ರೌಂಡ್ ಮಾಡುವುದಕ್ಕೇ ಏನೂ ಇರುವುದಿಲ್ಲ. ದರ 5ರಲ್ಲಿ ಮುಗಿಯುವುದು ಹೆಚ್ಚುಕಡಿಮೆ ಅರ್ಧ ಸಲ, ಲೀಟರ್ ಬೆಸ ಆಗುವುದು ಅರ್ಧ ಸಲ, ಎರಡೂ ಒಟ್ಟಿಗೆ ಆಗುವುದು ಕಾಲು ಭಾಗ. 9,000ದಲ್ಲಿ ಕಾಲು ಅಂದರೆ 2,250 ಸಾಲು. ಒಂದೊಂದಕ್ಕೂ ಅರ್ಧ ಪೈಸೆ ಮೇಲೆ ಹೋದರೆ 1,125 ಪೈಸೆ. 11 ರೂಪಾಯಿ 25 ಪೈಸೆ.

ನಿಮ್ಮ ವ್ಯತ್ಯಾಸ 11 ರೂಪಾಯಿ 38 ಪೈಸೆ. ಎಷ್ಟು ಹತ್ತಿರ ಬಂತು ನೋಡಿ.

ಒಟ್ಟಿನ ಲೆಕ್ಕ ಮಾಡುವಾಗ ನಾನು ಮೊದಲು ನೋಡುವುದು ಇದನ್ನೇ, ಸರಿಯಾಗಿ ಅರ್ಧಕ್ಕೆ ಎಷ್ಟು ಸಲ ಬರುತ್ತದೆ ಅಂತ. ಬೆಲೆಗಳೆಲ್ಲ 25 ಪೈಸೆ, 50 ಪೈಸೆ ಮೆಟ್ಟಿಲಲ್ಲಿ ಇರುವ ಕಡೆ, ಅರ್ಧ ಲೀಟರ್, ಅರ್ಧ ಕಿಲೋ, ಅರ್ಧ ದಿನದ ಕೂಲಿ ಅಂತ ಅಳೆಯುವ ಕಡೆ ಅರ್ಧಗಳು ಗುಂಪು ಗುಂಪಾಗಿ ಬರುತ್ತವೆ. ಅಂಥ ಕಡೆ ಪುಸ್ತಕದ ಹತ್ತರಲ್ಲೊಂದು ಎಂಬ ಅಂದಾಜು ನಂಬಿ ಕೂತರೆ ಲೆಕ್ಕ ಎರಡು ಮೂರು ಪಟ್ಟು ತಪ್ಪುತ್ತದೆ.

ಹಾಗಾದರೆ ಸಮಸಂಖ್ಯೆಯ ನಿಯಮದಲ್ಲಿ ಒಟ್ಟು ಯಾವಾಗಲೂ ಪೈಸೆಗೆ ಪೈಸೆ ಕೂಡುತ್ತಾ? ಇಲ್ಲ. ಮೇಲಿನ ನಾಲ್ಕು ಸಾಲಿನಲ್ಲಿ ಚೊಕ್ಕವಾಗಿ ಕೂಡಿತು, ಆದರೆ 2,250 ಅರ್ಧಗಳಲ್ಲಿ ಮೇಲೆ ಹೋದವು ಮತ್ತು ಕೆಳಗೆ ಬಂದವು ಸರಿಯಾಗಿ ಸಮ ಇರುತ್ತವೆ ಅಂತ ಯಾರೂ ಬರೆದುಕೊಟ್ಟಿಲ್ಲ. ನಾಣ್ಯ ಚಿಮ್ಮಿದ ಹಾಗೆ ಅದು. 2,250 ಸಲ ಚಿಮ್ಮಿದರೆ ತಲೆ ಮತ್ತು ಬಾಲ ಸ್ವಲ್ಪ ಆಚೀಚೆ ಆಗುತ್ತವೆ. ಆ ಆಚೀಚೆ ಎಷ್ಟು ಅಂದರೆ 2,250ರ ವರ್ಗಮೂಲ ತೆಗೆದು ಅರ್ಧ ಪೈಸೆಯಿಂದ ಗುಣಿಸಿ, ಸುಮಾರು 24 ಪೈಸೆ. ಕೆಲವು ಬಟವಾಡೆಯಲ್ಲಿ 10 ಪೈಸೆ ಜಾಸ್ತಿ, ಕೆಲವದರಲ್ಲಿ 30 ಪೈಸೆ ಕಡಿಮೆ, ಹೀಗೆ. ಅದರ ಎರಡರಷ್ಟು ದಾಟುವುದು ಅಪರೂಪ.

ವ್ಯತ್ಯಾಸ ಗಮನಿಸಿ. ಶಾಲೆಯ ನಿಯಮದ ತಪ್ಪು ಸಾಲುಗಳ ಜೊತೆ ಸಮಸಮವಾಗಿ ಬೆಳೆಯುತ್ತದೆ. ಸದಸ್ಯರು ನಾಲ್ಕು ಪಟ್ಟಾದರೆ ಹನ್ನೊಂದು ರೂಪಾಯಿ ಇದ್ದದ್ದು ನಲವತ್ತೈದು ರೂಪಾಯಿ ಆಗುತ್ತದೆ. ಸಮಸಂಖ್ಯೆಯ ನಿಯಮದ ಆಚೀಚೆ ನಾಲ್ಕು ಪಟ್ಟು ಸಾಲಿಗೆ ಎರಡು ಪಟ್ಟು ಮಾತ್ರ ಆಗುತ್ತದೆ, 24 ಪೈಸೆ ಇದ್ದದ್ದು 48 ಪೈಸೆ. ಅದೂ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ವರ್ಷಕ್ಕೆ 24 ಬಟವಾಡೆ ಅಂದರೆ ನಿಮ್ಮ ಹಳೇ ಹಾಳೆ ಸುಮಾರು 270 ರೂಪಾಯಿ ಸಂಘದಿಂದ ಆಚೆ ಕಳಿಸಿದೆ. ದೊಡ್ಡ ಹಣ ಅಲ್ಲ, ನಿಜ. ಆದರೆ ಯಾವಾಗಲೂ ಒಂದೇ ಕಡೆ ಹೋಗಿದೆ, ಆಡಿಟರ್ ಕೇಳಿದರೆ ಉತ್ತರ ಹೇಳಲು ಅದೇ ಕಷ್ಟ.

ಇಷ್ಟೆಲ್ಲ ಹೇಳಿದೆ ಅಂತ ಸುಮ್ನೆ ನಂಬಬೇಡಿ, ನಿಮ್ಮ ಸಾಫ್ಟ್‌ವೇರ್ ನಿಜವಾಗಿ ಇದನ್ನೇ ಮಾಡುತ್ತಿದೆಯೇ ಅಂತ ಪರೀಕ್ಷೆ ಮಾಡಿ. ಎರಡೂ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ಬಂದ ಸಾಲುಗಳನ್ನು ಮಾತ್ರ ಸೋಸಿ ತೆಗೆಯಿರಿ. 1,138 ಸಾಲು ಸಿಗಬೇಕು, ಒಂದೊಂದರಲ್ಲೂ ಸರಿಯಾಗಿ ಒಂದು ಪೈಸೆ ವ್ಯತ್ಯಾಸ ಇರಬೇಕು, ಎಲ್ಲದರಲ್ಲೂ ಸಾಫ್ಟ್‌ವೇರ್‌ನದ್ದೇ ಕಡಿಮೆ ಇರಬೇಕು, ಮತ್ತು ಸಾಫ್ಟ್‌ವೇರ್ ಕೊಟ್ಟ ಪೈಸೆಯ ಕೊನೆ ಅಂಕಿ ಎಲ್ಲ ಕಡೆ 0, 2, 4, 6, 8 ಮಾತ್ರ ಆಗಿರಬೇಕು. ನಾಲ್ಕೂ ಸರಿ ಬಂದರೆ ಅನುಮಾನವೇ ಬೇಡ, ಇದು ಸಮಸಂಖ್ಯೆಯ ನಿಯಮವೇ.

ಆ ಪಟ್ಟಿಯಲ್ಲಿ ಬೆಸ ಅಂಕಿಯಲ್ಲಿ ಮುಗಿಯುವ ಸಾಲು ಕಂಡರೆ ಕಾರಣ ಬೇರೆ. ಸಾಮಾನ್ಯವಾಗಿ ಅದು ಕಂಪ್ಯೂಟರ್ ಸಂಖ್ಯೆಯನ್ನು ಇಟ್ಟುಕೊಳ್ಳುವ ರೀತಿಯ ಸಮಸ್ಯೆ. ನಮ್ಮ ದಶಮಾಂಶಗಳನ್ನು ಅದು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ, ಹಾಗೆ ಇಡುವಾಗ ತುಂಬಾ ಸಂಖ್ಯೆಗಳು ಪೂರ್ತಿ ಕೂರುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ `round(2.675, 2)` ಕೇಳಿದರೆ 2.67 ಬರುತ್ತದೆ. ಶಾಲೆಯ ನಿಯಮದಲ್ಲೂ 2.68 ಬರಬೇಕು, ಸಮಸಂಖ್ಯೆಯ ನಿಯಮದಲ್ಲೂ 2.68 ಬರಬೇಕು. 2.67 ಹೇಗೆ ಬಂತು ಅಂದರೆ ಒಳಗೆ ಇರುವುದು 2.675 ಅಲ್ಲವೇ ಅಲ್ಲ, ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಅದರ ಪಾಲಿಗೆ ಅರ್ಧವೇ ಬರಲಿಲ್ಲ. ಹಣದ ಲೆಕ್ಕ ಬರೆಯುವವರು ಇದಕ್ಕೇ ದಶಮಾಂಶವನ್ನು ಇದ್ದ ಹಾಗೇ ಇಟ್ಟುಕೊಳ್ಳುವ `Decimal` ಬಳಸಬೇಕು. ನಿಮ್ಮ ಸಾಫ್ಟ್‌ವೇರ್ ಹುಡುಗರಿಗೆ ಇದನ್ನು ತೋರಿಸಿ ಕೇಳಿ:

```python
from decimal import Decimal, ROUND_HALF_UP, ROUND_HALF_EVEN

paise = Decimal("0.01")
x = Decimal("4.1") * Decimal("35.25")      # 144.525
print(x.quantize(paise, ROUND_HALF_UP))    # 144.53
print(x.quantize(paise, ROUND_HALF_EVEN))  # 144.52
```

ಇಲ್ಲಿ ನಿಯಮದ ಹೆಸರು ಬರೆದೇ ಇದೆ, ಯಾವುದು ನಡೆಯುತ್ತಿದೆ ಅಂತ ಯಾರು ಬೇಕಾದರೂ ಓದಬಹುದು. ಬರೆಯದೇ ಬಿಟ್ಟರೆ ಒಂದೊಂದು ಕಡೆ ಒಂದೊಂದು. ಎಕ್ಸೆಲ್ ಒಳಗೇ ಎರಡು ಇವೆ ಅಂದರೆ ನಂಬುತ್ತೀರಾ? ಹಾಳೆಯಲ್ಲಿ `=ROUND(2.5,0)` ಬರೆದರೆ 3. ಅದೇ ಫೈಲಿನ ಮ್ಯಾಕ್ರೋದಲ್ಲಿ `Round(2.5)` ಬರೆದರೆ 2, ಯಾಕೆಂದರೆ ಮ್ಯಾಕ್ರೋದ ಭಾಷೆ ಸಮಸಂಖ್ಯೆಯ ನಿಯಮ ಹಿಡಿಯುತ್ತದೆ. ಒಂದು ಸಂಘದಲ್ಲಿ ನಾನು ಎರಡು ದಿನ ಕೂತು ಹುಡುಕಿದ ವ್ಯತ್ಯಾಸ ಇದೇ ಆಗಿತ್ತು. ಅವರ ಬಟವಾಡೆ ಪಟ್ಟಿ ಮ್ಯಾಕ್ರೋದಿಂದ ಬರುತ್ತಿತ್ತು, ಕ್ಯಾಶ್ ಪುಸ್ತಕದ ಮೊತ್ತ ಹಾಳೆಯ ಸೂತ್ರದಿಂದ ಬರುತ್ತಿತ್ತು. ಗುಮಾಸ್ತರು ವ್ಯತ್ಯಾಸ ಬಂದ ಸಾಲಿಗೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ಗೀಟು ಹಾಕಿಟ್ಟಿದ್ದರು. ಗೀಟು ಬಿದ್ದ ಸಾಲುಗಳ ಪೈಸೆಯನ್ನಷ್ಟೇ ಜೋರಾಗಿ ಓದಲು ಹೇಳಿದೆ. ಮ್ಯಾಕ್ರೋ ಪಟ್ಟಿಯಿಂದ ಅವರು ಓದಿದ್ದು: ಹನ್ನೆರಡು, ಎಂಬತ್ತಾರು, ನಲವತ್ತು, ಮೂವತ್ತೆಂಟು. ಹತ್ತನೇ ಸಾಲಿಗೆ ಅವರೇ ನಿಲ್ಲಿಸಿ ನನ್ನ ಮುಖ ನೋಡಿದರು.

ಇನ್ನು ಇದನ್ನು ಬ್ಯಾಂಕಿನವರ ರೌಂಡಿಂಗ್ ಅಂತ ಕರೆಯುತ್ತಾರಲ್ಲ, ಆ ಹೆಸರಿನಿಂದ ತುಂಬಾ ಗೊಂದಲ ಆಗಿದೆ. ಹೆಸರು ಕೇಳಿದವರು ಹಣದ ಲೆಕ್ಕಕ್ಕೆಲ್ಲ ಇದೇ ಕಾನೂನು ಅಂದುಕೊಳ್ಳುತ್ತಾರೆ. ಉಲ್ಟಾ. ಹಣದ ವಿಷಯದಲ್ಲಿ ಬರೆದಿಟ್ಟ ನಿಯಮ ಇರುವ ಕಡೆ ಬಹಳ ಸಲ ಶಾಲೆಯ ನಿಯಮವೇ ಇರುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ 170ನೇ ಸೆಕ್ಷನ್ ತೆರಿಗೆಯನ್ನು ಹತ್ತಿರದ ರೂಪಾಯಿಗೆ ತರಲು ಹೇಳುತ್ತದೆ, 50 ಪೈಸೆ ಅಥವಾ ಜಾಸ್ತಿ ಇದ್ದರೆ ಒಂದು ರೂಪಾಯಿ, ಕಡಿಮೆ ಇದ್ದರೆ ಬಿಟ್ಟುಬಿಡಿ ಅನ್ನುತ್ತದೆ. ಯೂರೋ ಬರುವ ಮುಂಚೆ 1997ರಲ್ಲಿ ಯುರೋಪಿಯನ್ ಯೂನಿಯನ್ ಮಾಡಿದ ನಿಯಮದಲ್ಲೂ ಸರಿಯಾಗಿ ಅರ್ಧ ಬಂದರೆ ಮೇಲಕ್ಕೆ ಅಂತಲೇ ಇದೆ. ಸಮಸಂಖ್ಯೆಯ ನಿಯಮ ಗಟ್ಟಿಯಾಗಿ ನೆಲೆ ನಿಂತಿರುವುದು ಅಳತೆ ಮತ್ತು ಗಣಕದ ಕಡೆ. ನಮ್ಮ ಭಾರತೀಯ ಮಾನಕಗಳಲ್ಲಿ ಎರಡನೇ ನಂಬರಿನದು, IS 2, ಪೂರ್ತಿ ರೌಂಡ್ ಮಾಡುವ ನಿಯಮಗಳದ್ದೇ. ಅದರಲ್ಲಿ ಸರಿಯಾಗಿ 5 ಬಂದರೆ ಸಮಸಂಖ್ಯೆಗೆ ಹೋಗಬೇಕು ಅಂತಿದೆ. ಕಂಪ್ಯೂಟರ್ ಚಿಪ್‌ಗಳು ಲೆಕ್ಕ ಮಾಡುವ IEEE 754 ಮಾನಕದಲ್ಲೂ 1985ರಿಂದ ಅದೇ ರೂಢಿ.

ಹಾಗಾಗಿ ನಿಮ್ಮ ಡೇರಿ ತೆರಿಗೆ ಕಟ್ಟುವ ಬಿಲ್ಲು ಮಾಡಿದರೆ ಅಲ್ಲಿ ಸಮಸಂಖ್ಯೆ ಅಂತ ಹೋಗಬೇಡಿ, ಕಾನೂನು ಹೇಳಿದ್ದೇ ಮಾಡಿ. ಸದಸ್ಯರ ಹಾಲಿನ ಹಣಕ್ಕೆ ನಿಮ್ಮ ಬೈಲಾದಲ್ಲಿ ಅಥವಾ ಒಕ್ಕೂಟದ ಸುತ್ತೋಲೆಯಲ್ಲಿ ಏನಾದರೂ ಬರೆದಿದ್ದರೆ ಅದು ನಡೆಯಬೇಕು. ಏನೂ ಬರೆದಿಲ್ಲದಿದ್ದರೆ ಮಾತ್ರ ಆಯ್ಕೆಯ ಪ್ರಶ್ನೆ.

ಆಯ್ಕೆ ಮಾಡುವ ಮುಂಚೆ ಸಮಸಂಖ್ಯೆಯ ನಿಯಮ ಎಲ್ಲಿ ಕೈ ಕೊಡುತ್ತದೆ ಅಂತ ತಿಳಿದಿರಲಿ. ಅದು ಕೆಲಸ ಮಾಡುವುದು ಹಿಂದಿನ ಅಂಕಿ ಸಮ, ಬೆಸ ಬೆರೆತು ಬಂದಾಗ. ಒಂದೇ ಮೊತ್ತ ಸಾವಿರ ಸಲ ಬಂದರೆ ಬೆರಕೆ ಎಲ್ಲಿಂದ ಬರಬೇಕು? ಡೇರಿಯಲ್ಲೇ ಚಿಲ್ಲರೆ ಹಾಲು ಮಾರುತ್ತೀರಿ ಅಂದುಕೊಳ್ಳಿ. ಲೀಟರ್‌ಗೆ 45 ರೂಪಾಯಿ, ಜನ ಅರ್ಧ ಲೀಟರ್ ಒಯ್ಯುತ್ತಾರೆ, 22.50. ರೂಪಾಯಿಗೆ ರೌಂಡ್ ಮಾಡಿದರೆ ಸಮಸಂಖ್ಯೆಯ ನಿಯಮ ಪ್ರತಿ ಸಲವೂ 22 ಅನ್ನುತ್ತದೆ. ಸಾವಿರ ಜನಕ್ಕೆ 500 ರೂಪಾಯಿ ಸಂಘಕ್ಕೆ ನಷ್ಟ. ಶಾಲೆಯ ನಿಯಮದಲ್ಲಿ 23, ಸಾವಿರ ಜನರ ಜೇಬಿನಿಂದ 500 ರೂಪಾಯಿ ಜಾಸ್ತಿ. ಮುಂದೆ ದರ 47 ಆದರೆ 23.50, ಆಗ ಎರಡೂ ನಿಯಮ 24 ಅನ್ನುತ್ತವೆ. ಇಂಥ ಕಡೆ ಯಾವ ನಿಯಮವೂ ಉಳಿಸುವುದಿಲ್ಲ, ಬೆಲೆಯನ್ನೇ ಸರಿಯಾಗಿ ಇಡಬೇಕು.

ಇದೇ ತೊಂದರೆ ಒಬ್ಬೊಬ್ಬ ಸದಸ್ಯರ ಮಟ್ಟದಲ್ಲೂ ಇದೆ, ಗಲಾಟೆ ಮಾಡುವವರ ಮಾತಿನಲ್ಲಿ ಹುರುಳಿರುವುದು ಇಲ್ಲಿ. ಒಂದೇ ಹಸು ಇರುವವರು ದಿನಾ ಎರಡು ಹೊತ್ತೂ 4.1 ಲೀಟರ್ ಹಾಕುತ್ತಾರೆ, ದರ ಹದಿನೈದು ದಿನವೂ 35.25 ಅಂದುಕೊಳ್ಳಿ. ಅವರಿಗೆ ಮೂವತ್ತು ಸಲವೂ 144.52. ಮೂವತ್ತು ಅರ್ಧ ಪೈಸೆ ಅಂದರೆ 15 ಪೈಸೆ ಅವರಿಗೆ ಕಡಿಮೆ ಬಂತು. ಪಕ್ಕದ ಮನೆಯವರು 4.3 ಹಾಕಿ 15 ಪೈಸೆ ಜಾಸ್ತಿ ಪಡೆದರು. ಸಂಘದ ಒಟ್ಟು ಸರಿಹೋಯಿತು, ಆದರೆ ಇವರಿಬ್ಬರ ನಡುವೆ ಸರಿಹೋಗಲಿಲ್ಲ. ಈ ನಿಯಮ ಒಟ್ಟನ್ನು ಕಾಪಾಡುತ್ತದೆ, ಪ್ರತಿಯೊಬ್ಬರನ್ನೂ ಅಲ್ಲ.

ಹಾಗಂತ ಪೈಸೆಯ ಆಚೆಗಿನದ್ದನ್ನು ಸುಮ್ನೆ ಕತ್ತರಿಸಿ ಹಾಕಿದರೆ ಆಗಲ್ವಾ ಅಂತ ಯಾರಾದರೂ ಹೇಳುತ್ತಾರೆ. ದಯವಿಟ್ಟು ಬೇಡ. ಆಗ ಪ್ರತಿ ಸಾಲೂ ಕೆಳಕ್ಕೇ ಹೋಗುತ್ತದೆ. ಕೆನಡಾದ ವ್ಯಾಂಕೂವರ್ ಷೇರು ಮಾರುಕಟ್ಟೆ 1982ರಲ್ಲಿ 1000 ಅಂಕದಿಂದ ಒಂದು ಸೂಚ್ಯಂಕ ಶುರು ಮಾಡಿತು. ದಿನಕ್ಕೆ ಸುಮಾರು 3,000 ಸಲ ಅದನ್ನು ಹೊಸದಾಗಿ ಲೆಕ್ಕ ಹಾಕುತ್ತಿದ್ದರು, ಪ್ರತಿ ಸಲವೂ ಮೂರು ದಶಮಾಂಶದ ಆಚೆಗಿನದ್ದನ್ನು ಕತ್ತರಿಸುತ್ತಿದ್ದರು, ಮುಂದಿನ ಲೆಕ್ಕ ಆ ಕತ್ತರಿಸಿದ ಅಂಕಿಯಿಂದಲೇ ಶುರುವಾಗುತ್ತಿತ್ತು. ಒಂದು ಸಲಕ್ಕೆ ಹೋಗುವುದು ಒಂದು ಅಂಕದ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಆದರೆ ದಿನದ ಕೊನೆಗೆ ಒಂದು ಅಂಕಕ್ಕಿಂತ ಜಾಸ್ತಿ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಬಂದು ನಿಂತಿತ್ತು. ತಪ್ಪು ಕಂಡುಹಿಡಿದು ಸರಿಮಾಡಿದಾಗ ಬಂದದ್ದು 1098.892. ಮಾರುಕಟ್ಟೆ ನಿಜವಾಗಿ ಏರಿತ್ತು, ಫಲಕದಲ್ಲಿ ಮಾತ್ರ ಅರ್ಧಕ್ಕೆ ಇಳಿದಿತ್ತು. ನಿಮ್ಮ ಡೇರಿಯಲ್ಲಿ ಇಷ್ಟು ಆಗುವುದಿಲ್ಲ, ಯಾಕೆಂದರೆ ನಿಮ್ಮಲ್ಲಿ ಒಂದು ಸಾಲಿನ ತಪ್ಪು ಇನ್ನೊಂದು ಸಾಲಿಗೆ ಹೋಗುವುದಿಲ್ಲ. ಉಳಿತಾಯ ಖಾತೆಯ ಬಡ್ಡಿಯಂಥದ್ದನ್ನು, ಅಂದರೆ ಇವತ್ತಿನ ಉತ್ತರದ ಮೇಲೆ ನಾಳೆಯ ಲೆಕ್ಕ ನಿಲ್ಲುವಂಥದ್ದನ್ನು, ಸಂಘ ನಡೆಸುತ್ತಿದ್ದರೆ ಅಲ್ಲಿ ಹುಷಾರಾಗಿರಿ.

ಈಗ ನಾನು ನಿಮ್ಮ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ.

ಹಳೆಯ ನಿಯಮಕ್ಕೇ ವಾಪಸ್ ಹೋಗಬಹುದು. ಎಲ್ಲರಿಗೂ ಗೊತ್ತಿರುವ ನಿಯಮ, ಚೀಟಿ ಹಿಡಿದು ಯಾರು ಬೇಕಾದರೂ ಕೂಡಬಹುದು, ಜಗಳ ಇಲ್ಲ. ವರ್ಷಕ್ಕೆ ಸುಮಾರು 270 ರೂಪಾಯಿ ರೌಂಡ್ ಆಫ್ ಖಾತೆಗೆ ಖರ್ಚು ಬೀಳುತ್ತದೆ, ಆಡಳಿತ ಮಂಡಳಿ ಒಪ್ಪಿದರೆ ಆಯ್ತು. ಆದರೆ ಪಶು ಆಹಾರದ ಕಡಿತಕ್ಕೂ ಅದೇ ನಿಯಮ ಹಾಕಿದರೆ ಅಲ್ಲಿ ಅರ್ಧ ಪೈಸೆ ಸಂಘದ ಕಡೆಗೆ ಬರುತ್ತದೆ, ಸದಸ್ಯರ ಕಡೆಗಲ್ಲ. ಅದನ್ನು ಯಾರಾದರೂ ಒಂದು ದಿನ ಗಮನಿಸುತ್ತಾರೆ.

ಸಾಫ್ಟ್‌ವೇರ್‌ನ ನಿಯಮವನ್ನೇ ಇಟ್ಟುಕೊಳ್ಳಬಹುದು. ಒಟ್ಟು ಸರಿ ಇರುತ್ತದೆ, ಆದರೆ 52 ಯಾಕೆ, 58 ಯಾಕೆ ಅಂತ ಮುನ್ನೂರು ಜನಕ್ಕೆ ಹೇಳುತ್ತಾ ಕೂರಬೇಕು, 4.1 ಲೀಟರಿನವರಿಗೆ ಕೊಡಲು ನಿಮ್ಮ ಹತ್ತಿರ ಒಳ್ಳೆಯ ಉತ್ತರವೂ ಇಲ್ಲ.

ನಾನು ಮಾಡುತ್ತಿದ್ದದ್ದು ಮೂರನೆಯದು. ಸಾಲು ಸಾಲಿಗೆ ರೌಂಡ್ ಮಾಡುವುದನ್ನೇ ನಿಲ್ಲಿಸುತ್ತಿದ್ದೆ. ಲೀಟರ್‌ಗೆ ಒಂದು ಅಂಕಿ, ದರಕ್ಕೆ ಎರಡು ಅಂಕಿ, ಗುಣಿಸಿದರೆ ಮೂರಕ್ಕಿಂತ ಜಾಸ್ತಿ ಬರುವುದಿಲ್ಲ. ಆ ಮೂರನ್ನೂ ಹಾಗೇ ಇಟ್ಟುಕೊಳ್ಳಿ, ಹದಿನೈದು ದಿನದ್ದು ಕೂಡಿ, ಬಟವಾಡೆ ದಿನ ಒಬ್ಬೊಬ್ಬರಿಗೆ ಒಂದೇ ಸಲ ರೌಂಡ್ ಮಾಡಿ. 9,000 ಸಲ ಮಾಡುತ್ತಿದ್ದದ್ದು 300 ಸಲ ಆಯ್ತು. ಆಗ ಶಾಲೆಯ ನಿಯಮವನ್ನೇ ಹಾಕಿದರೂ, 300ರಲ್ಲಿ ಅರ್ಧದಷ್ಟು ಜನರ ಮೊತ್ತ ಸರಿಯಾಗಿ ಅರ್ಧ ಪೈಸೆಯಲ್ಲಿ ಮುಗಿದರೂ, ಇಡೀ ಸಂಘಕ್ಕೆ 75 ಪೈಸೆ. ಹನ್ನೊಂದು ರೂಪಾಯಿ ಇದ್ದದ್ದು ಮುಕ್ಕಾಲು ರೂಪಾಯಿಗೆ ಬಂತು.

ಅದಕ್ಕಿಂತಲೂ ಒಳ್ಳೆಯದು ಉಳಿದದ್ದನ್ನು ಮುಂದಿನ ಬಟವಾಡೆಗೆ ಒಯ್ಯುವುದು. ಒಬ್ಬರದ್ದು 4,337.675 ಆಯ್ತು. ನಗದು ಕೊಡುವುದಾದರೆ 4,337 ಕೊಡಿ, 0.675 ಅವರ ಹೆಸರಿನಲ್ಲೇ ಬಾಕಿ ಬರೆದುಕೊಳ್ಳಿ, ಮುಂದಿನ ಸಲ ಅದನ್ನು ಸೇರಿಸಿ ಕೂಡಿ. ಬ್ಯಾಂಕ್ ಖಾತೆಗೆ ಹಾಕುವುದಾದರೆ 4,337.67 ಹಾಕಿ, 0.005 ಬಾಕಿ. ಇಲ್ಲಿ ಕತ್ತರಿಸಿದರೂ ಪರವಾಗಿಲ್ಲ, ಕತ್ತರಿಸಿದ್ದು ಎಲ್ಲೂ ಹೋಗುವುದಿಲ್ಲ. ಸಂಘದ ಪುಸ್ತಕದಲ್ಲಿ ಸದಸ್ಯರಿಗೆ ಕೊಡಬೇಕಾದ ಪೈಸೆ ಬಾಕಿ ಅಂತ ಒಂದು ಖಾತೆ ಬೇಕಾಗುತ್ತದೆ, ಅದರಲ್ಲಿ ಯಾವತ್ತೂ 300 ರೂಪಾಯಿಗಿಂತ ಕಡಿಮೆಯೇ ಇರುತ್ತದೆ. ಯಾರಾದರೂ ಸದಸ್ಯತ್ವ ಬಿಟ್ಟರೆ ಅವರ ಪೈಸೆ ಕೊಟ್ಟು ಮುಗಿಸಿ.

ಇದರಲ್ಲಿ ಎಡವುವ ಜಾಗ ಎರಡು. ಮೊದಲನೆಯದು ಚೀಟಿ. ದಿನದ ಚೀಟಿಯಲ್ಲಿ 144.53 ಅಂತ ಅಚ್ಚಾಗಿ, ಒಳಗೆ 144.525 ಇದ್ದರೆ, ಮನೆಯಲ್ಲಿ ಮಕ್ಕಳು ಮೂವತ್ತು ಚೀಟಿ ಕೂಡಿದಾಗ ಬಟವಾಡೆಗೆ ಹೊಂದುವುದಿಲ್ಲ, ಗಲಾಟೆ ಮತ್ತೆ ಶುರು. ಚೀಟಿಯಲ್ಲೂ 144.525 ಅಂತ ಮೂರೂ ಅಂಕಿ ಅಚ್ಚಾಗಲಿ. ಎರಡನೆಯದು ಎರಡು ಸಲ ರೌಂಡ್ ಮಾಡುವುದು. ಶಾಲೆಯ ನಿಯಮದಲ್ಲಿ 144.495ನ್ನು ಮೊದಲು ಪೈಸೆಗೆ ತಂದರೆ 144.50, ಆಮೇಲೆ ರೂಪಾಯಿಗೆ ತಂದರೆ 145. ನೇರವಾಗಿ ರೂಪಾಯಿಗೆ ತಂದರೆ 144. ರೂಪಾಯಿಗೆ ಹೋಗಬೇಕಾದರೆ ಮೂರು ಅಂಕಿಯಿಂದ ನೇರ ಹೋಗಿ, ಮಧ್ಯೆ ಪೈಸೆಯ ನಿಲ್ದಾಣದಲ್ಲಿ ಇಳಿಯಬೇಡಿ.

ಯಾವ ದಾರಿ ಹಿಡಿದರೂ ರೌಂಡ್ ಆಫ್ ಖಾತೆಯ ಶಿಲ್ಕನ್ನು ಪ್ರತಿ ಬಟವಾಡೆಗೆ ಒಂದು ಸಾಲು ಬರೆದಿಡಿ. ನಿಜವಾದ ಮೂರು ಅಂಕಿಯ ಒಟ್ಟು, ಕೊಟ್ಟ ಒಟ್ಟು, ವ್ಯತ್ಯಾಸ, ಅಷ್ಟೇ. ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಬರುತ್ತಿದ್ದರೆ ನಿಶ್ಚಿಂತೆಯಿಂದಿರಿ. ನಾಲ್ಕೈದು ಬಟವಾಡೆ ಒಂದೇ ಕಡೆಗೆ, ಹೆಚ್ಚುಕಡಿಮೆ ಅಷ್ಟೇ ಮೊತ್ತ ಬಂದರೆ ಎಲ್ಲೋ ಒಂದು ನಿಯಮ ಒಂದೇ ಕಡೆಗೆ ವಾಲಿದೆ, ಹುಡುಕಿ.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ನಿಯಮವನ್ನು ನಡಾವಳಿ ಪುಸ್ತಕಕ್ಕೆ ಬರೆಸಿ, ಯಾವ ತಾರೀಖಿನಿಂದ ಅಂತಲೂ ಹಾಕಿಸಿ. ಆ ತಾರೀಖು ಬಟವಾಡೆಯ ಮೊದಲ ದಿನವೇ ಆಗಿರಲಿ, ಮಧ್ಯದಲ್ಲಿ ಬದಲಿಸಿದರೆ ಒಂದೇ ಪಟ್ಟಿಯಲ್ಲಿ ಎರಡು ನಿಯಮ ಸೇರಿಕೊಳ್ಳುತ್ತವೆ. ಹಿಂದೆ ಜಾಸ್ತಿ ಹೋದದ್ದನ್ನು ಸದಸ್ಯರಿಂದ ವಾಪಸ್ ಕೇಳಲು ಹೋಗಬೇಡಿ, ಸರಾಸರಿ ನೋಡಿದರೆ ಒಬ್ಬರಿಗೆ ವರ್ಷಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಆಡಿಟರ್‌ಗೆ ಮಾತ್ರ ಆ 1,138 ಸಾಲಿನ ಪಟ್ಟಿಯನ್ನು ತೆಗೆದಿಟ್ಟುಕೊಂಡಿರಿ.